ಕಂಪನಿಗೆ ಕಟ್ಟಡ ಬಾಡಿಗೆ ಕೊಟ್ಟರೆ ಆ 18% ಯಾರ ಜೇಬಿನದು? ಅಂಕೋಲೆ, ಕಾರವಾರದ ಲೆಕ್ಕ

ಕಾರವಾರ, ಅಂಕೋಲೆ ಕಡೆ ಕಳೆದ ಎರಡು ದಶಕಗಳಲ್ಲಿ ಒಂದು ಹೊಸ ತರದ ಬಾಡಿಗೆದಾರ ಬಂದಿದ್ದಾನೆ. ಸಂಸಾರ ಕಟ್ಟಿಕೊಂಡು ಬರುವವನಲ್ಲ, ಕಿರಾಣಿ ಅಂಗಡಿ ಇಡುವವನೂ ಅಲ್ಲ. ಅದು ಕಂಪನಿ. ಸೀಬರ್ಡ್ ನೌಕಾನೆಲೆಯ ಕಾಮಗಾರಿ, ಹೆದ್ದಾರಿ 66ರ ಅಗಲೀಕರಣ, ಕೈಗಾದ 5 ಮತ್ತು 6ನೇ ಘಟಕಗಳು ಎಂದು ಒಂದಾದ ಮೇಲೊಂದು ಯೋಜನೆ ಬಂದಂತೆ ಗುತ್ತಿಗೆ ಕಂಪನಿಗಳಿಗೆ ಸೈಟ್ ಆಫೀಸು ಬೇಕು, ಎಂಜಿನಿಯರುಗಳಿಗೆ ಮನೆ ಬೇಕು, ಜೆಸಿಬಿ ನಿಲ್ಲಿಸಲು ಜಾಗ ಬೇಕು. ಕೇಣಿ ಬಂದರಿನ ಪರ-ವಿರೋಧದ ಜಗಳ ಒಂದು ಕಡೆ ನಡೆಯುತ್ತಿರುವಾಗಲೇ, ಇನ್ನೊಂದು ಕಡೆ ಊರಿನ ಸಾಮಾನ್ಯ ಮನೆಮಾಲೀಕರು ಕಂಪನಿಯ ಅಕೌಂಟ್ಸ್ ವಿಭಾಗದ ಜತೆ ಬಿಲ್ಲು, ತೆರಿಗೆ, ಫಾರಂ ಅಂತ ಗುದ್ದಾಡುತ್ತಿದ್ದಾರೆ.

ಯೋಜನೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಇಲ್ಲಿ ನೋಡಬೇಕಾದ್ದು ಒಂದೇ ಪ್ರಶ್ನೆ: ಕಂಪನಿ ಬಾಡಿಗೆದಾರನಾದಾಗ ಬಾಡಿಗೆಯ ಮೇಲೆ ಬೀಳುವ 18% ಜಿಎಸ್‌ಟಿಯನ್ನು ಯಾರು ಕಟ್ಟಬೇಕು? ಕಾನೂನಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಇದೆ. ಆದರೆ ತಿಂಗಳ ಕೊನೆಗೆ ನಿಜವಾಗಿ ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಅಗ್ರಿಮೆಂಟಿನ ಒಂದು ಸಾಲು ಮತ್ತು ಪ್ರತಿ ತಿಂಗಳ ಬಿಲ್ಲಿನ ಮೇಲೆ ನಿಂತಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕೋಲೆಯಲ್ಲಿ ಒಬ್ಬ ನಿವೃತ್ತ ಅಕ್ಕೋರು ಇದ್ದಾರೆ ಅನ್ನಿ. (ಹೊರಗಿನವರಿಗೆ ಹೇಳುವುದಾದರೆ, ನಮ್ಮಲ್ಲಿ ಶಾಲೆಯ ಟೀಚರನ್ನು ಕರೆಯುವುದೇ ಹಾಗೆ.) ವಯಸ್ಸು 62. ತಿಂಗಳಿಗೆ 30,000 ರೂಪಾಯಿ ಪಿಂಚಣಿ. ಮೇಲಿನ ಮಹಡಿಯಲ್ಲಿ ತಾವಿದ್ದು, ಅಂಗಡಿ-ಕಚೇರಿಗೆಂದೇ ಕಟ್ಟಿದ ಕೆಳಗಿನ ಮಹಡಿಯನ್ನು ಒಂದು ಗುತ್ತಿಗೆ ಕಂಪನಿಯ ಆಫೀಸಿಗೆ 60,000 ರೂಪಾಯಿಗೆ ಕೊಟ್ಟಿದ್ದಾರೆ. ಮೊದಲ ತಿಂಗಳೇ ಕಂಪನಿಯ ಹುಡುಗ ಫೋನ್ ಮಾಡಿ, "ಮೇಡಂ, ಬಾಡಿಗೆಗೆ ಜಿಎಸ್‌ಟಿ ಬಂದಿದೆ, ನಿಮ್ಮ ದುಡ್ಡಲ್ಲೇ ಕಟ್ ಮಾಡ್ತೇವೆ, ಟಿಡಿಎಸ್ ಬೇರೆ" ಅನ್ನುತ್ತಾನೆ. ಅಕ್ಕೋರು ಲೆಕ್ಕ ಹಾಕುತ್ತಾರೆ. 60,000ದಲ್ಲಿ 10,800 ಜಿಎಸ್‌ಟಿ, 6,000 ಟಿಡಿಎಸ್ ಹೋದರೆ ಕೈಗೆ 43,200. ಇದು ಸರಿಯೇ?

ಸರಿಯಲ್ಲ. ಆ ಒಂದು ವಾಕ್ಯದಲ್ಲಿ ಎರಡು ಬೇರೆ ಬೇರೆ ತೆರಿಗೆಗಳನ್ನು ಕಲಸಿದ್ದಾರೆ. ಒಂದನ್ನು ಹಿಡಿಯಲು ಕಂಪನಿಗೆ ಅಧಿಕಾರ ಇದೆ, ಇನ್ನೊಂದನ್ನು ಹಿಡಿಯಲು ಇಲ್ಲ.

ಅಕ್ಟೋಬರ್ 10, 2024ರಂದು ಏನಾಯಿತು?

ಬಾಡಿಗೆ ಒಂದು 'ಸೇವೆ'ಯೇ ಎಂಬ ಜಗಳ ಹಳೆಯದು. 2007ರ ಜೂನ್ 1ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಗೆ ಸೇವಾ ತೆರಿಗೆ ಬಂತು. ಬರೀ ಬಾಡಿಗೆಗೆ ಕೊಡುವುದು ಸೇವೆಯಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತು. ಸರ್ಕಾರ 2010ರ ಹಣಕಾಸು ಕಾಯ್ದೆಯಲ್ಲಿ ಪೂರ್ವಾನ್ವಯವಾಗಿ ತಿದ್ದುಪಡಿ ತಂದು ತನ್ನ ಮಾತನ್ನೇ ಗೆಲ್ಲಿಸಿಕೊಂಡಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ವಾಣಿಜ್ಯ ಬಾಡಿಗೆಗೆ 18% ಎಂದು ನೇರವಾಗಿ ಬರೆದರು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳನ್ನು ದೊಡ್ಡದಾಗಿ ಬದಲಿಸಿದಾಗಲೂ ಇದು 18ರಲ್ಲೇ ಉಳಿಯಿತು.

ಆದರೆ ಚಿಕ್ಕ ಮಾಲೀಕರಿಗೆ ಒಂದು ರಕ್ಷಣೆ ಇತ್ತು, ಈಗಲೂ ಇದೆ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ಒಟ್ಟು ವಹಿವಾಟು ಹಣಕಾಸು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಡ. (ಸರಕು ಮಾರುವವರಿಗೆ 40 ಲಕ್ಷ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ತರಕಾರಿ ಅಂಗಡಿಗಳಿಗೆ ನೋಟಿಸ್ ಬಂದಾಗ ಎಲ್ಲರ ಬಾಯಲ್ಲೂ ಇದ್ದದ್ದು ಇದೇ ಎರಡು ಅಂಕಿ.) ಅಕ್ಕೋರ ಬಾಡಿಗೆ ವರ್ಷಕ್ಕೆ 7,20,000. ಅವರು ನೋಂದಣಿ ಮಾಡಿಸಬೇಕಿಲ್ಲ. 2024ರ ಅಕ್ಟೋಬರ್ ತನಕ ಇಂಥವರ ಬಾಡಿಗೆ ಮೇಲೆ ಯಾರೂ ಜಿಎಸ್‌ಟಿ ಕಟ್ಟುತ್ತಿರಲಿಲ್ಲ.

2024ರ ಸೆಪ್ಟೆಂಬರ್ 9ರಂದು ನಡೆದ ಜಿಎಸ್‌ಟಿ ಮಂಡಳಿಯ 54ನೇ ಸಭೆಯ ಶಿಫಾರಸಿನಂತೆ ಅದು ಬದಲಾಯಿತು. ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕ ನೋಂದಣಿ ಇರುವ ಬಾಡಿಗೆದಾರನಿಗೆ ವಾಸದ ಮನೆ ಬಿಟ್ಟು ಬೇರೆ ಯಾವುದೇ ಸ್ಥಿರಾಸ್ತಿಯನ್ನು ಬಾಡಿಗೆಗೆ ಕೊಟ್ಟರೆ, ಆ 18%ನ್ನು ಬಾಡಿಗೆದಾರನೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಇದನ್ನು ರಿವರ್ಸ್ ಚಾರ್ಜ್ ಅನ್ನುತ್ತಾರೆ. ತೆರಿಗೆ ಕಟ್ಟುವ ಹೊಣೆ ಮಾರುವವನಿಂದ ಕೊಳ್ಳುವವನ ಕಡೆ ತಿರುಗುತ್ತದೆ. ಬಾಡಿಗೆದಾರ ಕಾಂಪೊಸಿಶನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಯಾಗಿದ್ದರೆ ಈ ಹೊಣೆ ಇಲ್ಲ, 2025ರ ಜನವರಿಯಲ್ಲಿ ಅವರನ್ನು ಹೊರಗಿಟ್ಟರು.

ಅಂದರೆ ಅಕ್ಕೋರ ಕಂಪನಿ 60,000ದ ಮೇಲೆ 10,800 ರೂಪಾಯಿಯನ್ನು (ಕೇಂದ್ರಕ್ಕೆ 5,400, ರಾಜ್ಯಕ್ಕೆ 5,400) ತನ್ನ ದುಡ್ಡಿನಿಂದ, ತನ್ನ ರಿಟರ್ನ್‌ನಲ್ಲಿ ತೋರಿಸಿ ಕಟ್ಟಬೇಕು. ಅಕ್ಕೋರಿಗೆ ಕೊಡಬೇಕಾದ 60,000ಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇಲ್ಲಿ ಕಂಪನಿಯವರು ಹೇಳದೆ ಬಿಡುವ ಒಂದು ಮಾತಿದೆ. ಆ 10,800 ಬಹಳ ಸಲ ಕಂಪನಿಗೆ ನಷ್ಟವೇ ಅಲ್ಲ. ರಿವರ್ಸ್ ಚಾರ್ಜ್ ತೆರಿಗೆಯನ್ನು ನಗದು ಖಾತೆಯಿಂದಲೇ ಕಟ್ಟಬೇಕು ಎಂಬುದು ನಿಜ, ಹಳೆಯ ಕ್ರೆಡಿಟ್‌ನಲ್ಲಿ ಹೊಂದಿಸಿಕೊಳ್ಳಲು ಬರುವುದಿಲ್ಲ. ಆದರೆ ಕಟ್ಟಿದ ಮೇಲೆ ಅದೇ ತಿಂಗಳ ರಿಟರ್ನ್‌ನಲ್ಲಿ ಇನ್‌ಪುಟ್ ಕ್ರೆಡಿಟ್ ಎಂದು ತೆಗೆದುಕೊಂಡು, ತಾನು ಕಟ್ಟಬೇಕಾದ ಬೇರೆ ಜಿಎಸ್‌ಟಿಯಿಂದ ಕಳೆಯಬಹುದು. ಕಾಮಗಾರಿಯ ಬಿಲ್ಲಿಗೆ ಜಿಎಸ್‌ಟಿ ಹಾಕುವ ಗುತ್ತಿಗೆ ಕಂಪನಿಗೆ ಇದು ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಗೊಂಡ ಹಾಗೆ. ಆಸ್ಪತ್ರೆ, ಶಾಲೆಯಂಥ ತೆರಿಗೆ ವಿನಾಯಿತಿ ಇರುವ ಸಂಸ್ಥೆ ಬಾಡಿಗೆದಾರನಾದರೆ ಮಾತ್ರ ಕ್ರೆಡಿಟ್ ಸಿಗದೆ ಅದು ನಿಜವಾದ ಖರ್ಚಾಗುತ್ತದೆ. ಅಂಥವರು ಬಾಡಿಗೆ ಕಡಿಮೆ ಮಾಡಿ ಎಂದು ಕೇಳಿದರೆ ಅದರಲ್ಲಿ ಅರ್ಥ ಇದೆ, ಕೊಡುವುದು ಬಿಡುವುದು ಮಾಲೀಕರ ಇಷ್ಟ. ಗುತ್ತಿಗೆ ಕಂಪನಿ ಕೇಳಿದರೆ, "ನಿಮಗೆ ಕ್ರೆಡಿಟ್ ಸಿಗುವುದಿಲ್ಲವೇ?" ಎಂದು ಮರುಪ್ರಶ್ನೆ ಹಾಕಬೇಕು.

ಬಿಲ್ ಬರೆಯುವುದು ಹೇಗೆ

ನೋಂದಣಿ ಇಲ್ಲದವರು ಬಿಲ್ ಕೊಡುವುದೇ ಬೇಡ ಅಂತ ಬಹಳ ಜನ ತಿಳಿದಿದ್ದಾರೆ. ರಿವರ್ಸ್ ಚಾರ್ಜ್‌ಗೆ ಬೇಕಾದ ಇನ್‌ವಾಯ್ಸನ್ನು ಕಂಪನಿಯೇ ತನ್ನ ಹೆಸರಿಗೆ ತಾನೇ ಬರೆದುಕೊಳ್ಳಬೇಕು ಎಂಬುದು ಸರಿ. ಅದಕ್ಕೆ ಸೆಲ್ಫ್ ಇನ್‌ವಾಯ್ಸ್ ಎಂದು ಹೆಸರು, 30 ದಿನದೊಳಗೆ ಬರೆಯಬೇಕೆಂಬ ನಿಯಮ 2024ರ ನವೆಂಬರ್ 1ರಿಂದ ಇದೆ. ಆದರೂ ಮಾಲೀಕರು ತಮ್ಮ ಕಡೆಯಿಂದ ತಿಂಗಳು ತಿಂಗಳು ಒಂದು ಬಿಲ್ ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಬಾಡಿಗೆ ಎಷ್ಟು, ಯಾವ ತಿಂಗಳದ್ದು, ಯಾವ ಪ್ಯಾನ್‌ಗೆ ಟಿಡಿಎಸ್ ಹೋಗಬೇಕು ಎಂಬುದಕ್ಕೆ ನಾಳೆ ಜಗಳ ಬಂದರೆ ಕೈಯಲ್ಲಿರುವ ಕಾಗದ ಅದೊಂದೇ. ಅಕ್ಕೋರ ಬಿಲ್ ಹೀಗಿದ್ದರೆ ಸಾಕು:

ಬಾಡಿಗೆ ಬಿಲ್ ಸಂಖ್ಯೆ: 2025-26/07
ದಿನಾಂಕ: 1-10-2025
ಮಾಲೀಕರ ಹೆಸರು, ವಿಳಾಸ, ಪ್ಯಾನ್
ಬಾಡಿಗೆದಾರ ಕಂಪನಿಯ ಹೆಸರು, ಅಂಕೋಲೆ ಕಚೇರಿಯ ವಿಳಾಸ, ಜಿಎಸ್‌ಟಿ ಸಂಖ್ಯೆ
ವಿವರ: ಅಂಕೋಲಾ ಪುರಸಭೆ ವ್ಯಾಪ್ತಿಯ ಕಟ್ಟಡ, ನೆಲಮಹಡಿ, ಕಚೇರಿ ಬಳಕೆ, ಅಕ್ಟೋಬರ್ 2025ರ ಬಾಡಿಗೆ
ಮೊತ್ತ: 60,000 ರೂಪಾಯಿ
ಷರಾ: ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ. ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಅಡಿ ಬಾಡಿಗೆದಾರರೇ ಕಟ್ಟತಕ್ಕದ್ದು.
ಸಹಿ

ಈ ಬಿಲ್ಲಿನಲ್ಲಿ ಜಿಎಸ್‌ಟಿಯ ಮೊತ್ತ ಬರೆದು ಸೇರಿಸಬಾರದು. ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವುದನ್ನು ಕಾನೂನು ನಿಷೇಧಿಸುತ್ತದೆ. ಹಾಗೆ ವಸೂಲಿ ಮಾಡಿದ್ದನ್ನು ಪೂರ್ತಿ ಸರ್ಕಾರಕ್ಕೆ ಕಟ್ಟಬೇಕಾಗುತ್ತದೆ. "ಎಲ್ಲರೂ 18% ಹಾಕ್ತಾರೆ" ಅಂತ ಪಕ್ಕದ ಮನೆಯವರ ಬಿಲ್ ನೋಡಿ ನಕಲು ಮಾಡುವವರು ಸಿಕ್ಕಿಬೀಳುವುದು ಇಲ್ಲೇ.

ಇನ್ನು 20 ಲಕ್ಷ ದಾಟುವವರ ಕಥೆ. ಕಾರವಾರದಲ್ಲಿ ಒಬ್ಬ ಮಾಲೀಕರು ಎರಡು ಮಹಡಿಯನ್ನು ಒಂದು ಕಂಪನಿಯ ಶೋರೂಮಿಗೆ ತಿಂಗಳಿಗೆ 1,80,000ಕ್ಕೆ ಕೊಟ್ಟಿದ್ದಾರೆ ಅನ್ನಿ. ಏಪ್ರಿಲ್‌ನಿಂದ ಫೆಬ್ರವರಿ ತನಕ 11 ತಿಂಗಳಿಗೆ 19,80,000. ಮಾರ್ಚ್ ತಿಂಗಳ ಬಿಲ್‌ನಲ್ಲಿ ಗೆರೆ ದಾಟುತ್ತದೆ. ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಒಂದು ಎಚ್ಚರಿಕೆ: ಈ 20 ಲಕ್ಷವನ್ನು ಕಟ್ಟಡಕ್ಕೆ ಒಂದರಂತೆ ಎಣಿಸುವುದಿಲ್ಲ, ಪ್ಯಾನ್‌ಗೆ ಒಂದರಂತೆ ಎಣಿಸುತ್ತಾರೆ. ಅದೇ ವ್ಯಕ್ತಿಯ ಅಂಗಡಿ ವ್ಯಾಪಾರ, ಬೇರೆ ಊರಿನ ಬಾಡಿಗೆ, ಸಂಸಾರಸ್ಥರಿಗೆ ಕೊಟ್ಟ ಮನೆಯ ತೆರಿಗೆ ಇಲ್ಲದ ಬಾಡಿಗೆ, ಎಲ್ಲವೂ ಅದರಲ್ಲಿ ಸೇರುತ್ತವೆ.

ನೋಂದಣಿ ಆದ ದಿನದಿಂದ ರಿವರ್ಸ್ ಚಾರ್ಜ್ ಮುಗಿಯಿತು. ಈಗ ಮಾಲೀಕರೇ ತೆರಿಗೆ ಇನ್‌ವಾಯ್ಸ್ ಕೊಡಬೇಕು. ಅದರಲ್ಲಿ ಎರಡೂ ಕಡೆಯ ಜಿಎಸ್‌ಟಿ ಸಂಖ್ಯೆ, ಆ ವರ್ಷದಲ್ಲಿ ಮರುಕಳಿಸದ ಕ್ರಮಸಂಖ್ಯೆ (16 ಅಕ್ಷರ-ಅಂಕಿ ಮೀರಬಾರದು), ವಾಣಿಜ್ಯ ಬಾಡಿಗೆಯ ಸೇವಾ ಸಂಕೇತ 997212, ತೆರಿಗೆಗೆ ಮೊದಲಿನ ಮೊತ್ತ, ಕೇಂದ್ರದ 9% ಮತ್ತು ರಾಜ್ಯದ 9% ಬೇರೆ ಬೇರೆಯಾಗಿ, ಮತ್ತು 'ರಿವರ್ಸ್ ಚಾರ್ಜ್: ಇಲ್ಲ' ಎಂಬ ಸಾಲು ಇರಬೇಕು. ಪ್ರತಿ ತಿಂಗಳ 5ರೊಳಗೆ ಬಾಡಿಗೆ ಕೊಡತಕ್ಕದ್ದು ಎಂದು ಅಗ್ರಿಮೆಂಟಿನಲ್ಲಿದ್ದರೆ ಇನ್‌ವಾಯ್ಸ್ ಕೂಡ ಆ 5ರೊಳಗೇ ಆಗಬೇಕು. ಕಂಪನಿ ದುಡ್ಡು ಹಾಕಿದ ಮೇಲೆ ಬರೆದರಾಯಿತು ಎಂದು ಕಾಯುವ ಹಾಗಿಲ್ಲ.

ನೋಂದಣಿ ಆದದ್ದನ್ನು ಕಂಪನಿಗೆ ಕಾಗದದಲ್ಲಿ ತಿಳಿಸುವುದು ತಪ್ಪಿದರೆ ಫಜೀತಿ. ಕಂಪನಿ ಹಳೇ ಅಭ್ಯಾಸದಂತೆ ರಿವರ್ಸ್ ಚಾರ್ಜ್ ಕಟ್ಟುತ್ತಲೇ ಇರುತ್ತದೆ, ಇಲಾಖೆ ಮಾಲೀಕರನ್ನು ಹಿಡಿಯುತ್ತದೆ.

ಅಗ್ರಿಮೆಂಟಿನ ಆ ಒಂದು ಸಾಲು

ಇನ್‌ವಾಯ್ಸ್ ಬರೆಯುವುದಕ್ಕಿಂತ ದೊಡ್ಡ ವಿಷಯ ಇದು. ಕಾರವಾರದ ಮಾಲೀಕರ ಲೆಕ್ಕ ನೋಡಿ. ಅಗ್ರಿಮೆಂಟಿನಲ್ಲಿ 'ಬಾಡಿಗೆ 1,80,000, ಜಿಎಸ್‌ಟಿ ಪ್ರತ್ಯೇಕ' ಎಂದಿದ್ದರೆ ಇನ್‌ವಾಯ್ಸ್ 2,12,400 ಆಗುತ್ತದೆ. ಕಂಪನಿ 18,000 ಟಿಡಿಎಸ್ ಹಿಡಿದು 1,94,400 ಕೊಡುತ್ತದೆ. ಅದರಲ್ಲಿ 32,400 ಜಿಎಸ್‌ಟಿ ಕಟ್ಟಿದರೆ ಕೈಯಲ್ಲಿ ಉಳಿಯುವುದು 1,62,000. ನೋಂದಣಿ ಇಲ್ಲದಾಗಲೂ ಉಳಿಯುತ್ತಿದ್ದುದು ಅಷ್ಟೇ, ಅಂದರೆ 1,80,000ದಲ್ಲಿ 18,000 ಹೋಗಿ. ನೋಂದಣಿಯಿಂದ ಕೆಲಸ ಹೆಚ್ಚಾಯಿತು, ದುಡ್ಡೇನೂ ಕಡಿಮೆಯಾಗಲಿಲ್ಲ.

ಅದೇ ಅಗ್ರಿಮೆಂಟಿನಲ್ಲಿ 'ಎಲ್ಲ ತೆರಿಗೆಗಳೂ ಸೇರಿ 1,80,000' ಎಂದಿದ್ದರೆ? ಆಗ ನೋಂದಣಿಯಾದ ಮಾಲೀಕರು ಆ 1,80,000ದೊಳಗಿಂದಲೇ ತೆರಿಗೆ ತೆಗೆಯಬೇಕು. ಅದನ್ನು 1.18ರಿಂದ ಭಾಗಿಸಿದರೆ ನಿಜವಾದ ಬಾಡಿಗೆ 1,52,542 ರೂಪಾಯಿ, ಜಿಎಸ್‌ಟಿ 27,458. ತಿಂಗಳಿಗೆ 27 ಸಾವಿರ, ವರ್ಷಕ್ಕೆ ಮೂರು ಲಕ್ಷದ ಮೇಲೆ, ಮೂರು ಪದದ ಕಾರಣಕ್ಕೆ. ಕಂಪನಿಗೆ ಆ 27,458 ಕ್ರೆಡಿಟ್ ಆಗಿಯೂ ಸಿಗುತ್ತದೆ!

ಅಗ್ರಿಮೆಂಟಿನ ಕರಡು ಸಾಮಾನ್ಯವಾಗಿ ಬರುವುದು ಕಂಪನಿಯ ಮುಖ್ಯ ಕಚೇರಿಯಿಂದ, ಇಂಗ್ಲಿಷಿನಲ್ಲಿ, ಇಪ್ಪತ್ತು ಪುಟ. ನಮ್ಮವರು ಓದುವುದು ಬಾಡಿಗೆ, ಡಿಪಾಸಿಟ್, ಎಷ್ಟು ವರ್ಷ ಎಂಬ ಮೂರು ಜಾಗ ಮಾತ್ರ. ತೆರಿಗೆಯ ಹೊಣೆ ಕಂಪನಿಯ ಮೇಲೆ ಎಂದು ಕಾನೂನು ಬರೆದಿಟ್ಟರೂ, ದರ ಮಾತಾಡುವಾಗ ಯಾರ ಕೈ ಮೇಲಿದೆಯೋ ಅವರು ಹೊರೆಯನ್ನು ಆಚೆ ದಾಟಿಸುತ್ತಾರೆ. ಹಾಗಾಗಿ ನೋಡಬೇಕಾದ ಸಾಲು ಇದು: 'ಜಿಎಸ್‌ಟಿ ಅನ್ವಯವಾದಲ್ಲಿ ಬಾಡಿಗೆಯ ಮೇಲೆ ಪ್ರತ್ಯೇಕ, ರಿವರ್ಸ್ ಚಾರ್ಜ್ ಇದ್ದಲ್ಲಿ ಬಾಡಿಗೆದಾರರದೇ ಹೊಣೆ.' ಅದು ಇಲ್ಲದಿದ್ದರೆ ಸಹಿಗೆ ಮೊದಲು ಬರೆಸಿಕೊಳ್ಳಬೇಕು.

ಕರೆಂಟ್ ಬಿಲ್ಲಿಗೂ ಇದೇ ಮಾತು. ಹೆಸ್ಕಾಂ ಮೀಟರ್ ಬೇರೆ ಇದ್ದು ಕಂಪನಿಯೇ ಕಟ್ಟಿದರೆ ತಕರಾರಿಲ್ಲ. ಬಾಡಿಗೆಯ ಜತೆ ಕರೆಂಟನ್ನೂ ಸೇರಿಸಿ ಒಟ್ಟಾಗಿ ವಸೂಲಿ ಮಾಡಿದರೆ ಅದಕ್ಕೂ ಬಾಡಿಗೆಯ ದರವೇ ಬೀಳುತ್ತದೆ ಎಂದು 2023ರ ಅಕ್ಟೋಬರ್ 31ರ ಸುತ್ತೋಲೆ ಹೇಳುತ್ತದೆ. ಹೆಸ್ಕಾಂ ಬಿಲ್ ಎಷ್ಟಿದೆಯೋ ಅಷ್ಟನ್ನೇ ದಾಟಿಸಿದರೆ ಅದು ಬಾಡಿಗೆಯ ಮೌಲ್ಯಕ್ಕೆ ಸೇರುವುದಿಲ್ಲ.

29 ಮತ್ತು 30

ಇದು ಗಡಿಯ ಊರಿನ ವಿಶೇಷ ತೊಂದರೆ. ಕಾರವಾರ ದಾಟಿದರೆ ಗೋವಾ. ಇಲ್ಲಿಗೆ ಬರುವ ಎಷ್ಟೋ ಕಂಪನಿಗಳ ನೋಂದಣಿ ಗೋವಾದ್ದೋ ಮಹಾರಾಷ್ಟ್ರದ್ದೋ ಆಗಿರುತ್ತದೆ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕ 29, ಗೋವಾ 30, ಮಹಾರಾಷ್ಟ್ರ 27.

ಕಟ್ಟಡದ ವಿಷಯದಲ್ಲಿ ಸೇವೆ ಎಲ್ಲಿ ನಡೆಯಿತು ಎಂಬುದನ್ನು ಆ ಕಟ್ಟಡ ಇರುವ ಜಾಗವೇ ತೀರ್ಮಾನಿಸುತ್ತದೆ. ಕಂಪನಿಯ ವಿಳಾಸ ಪಣಜಿಯದ್ದಾದರೂ ಕಟ್ಟಡ ಕಾರವಾರದ್ದು, ಮಾಲೀಕರೂ ಇಲ್ಲಿಯವರೇ ಆದ್ದರಿಂದ ಕೇಂದ್ರ 9%, ಕರ್ನಾಟಕ 9%. 'ಹೊರ ರಾಜ್ಯದ ಕಂಪನಿ, ಐಜಿಎಸ್‌ಟಿ ಹಾಕಿ' ಎಂದು ಅಕೌಂಟೆಂಟ್ ಹೇಳಿದರೆ ಒಪ್ಪಬಾರದು. ಆದರೆ ಈ ಕರ್ನಾಟಕದ ತೆರಿಗೆಯ ಕ್ರೆಡಿಟ್ ಕಂಪನಿಗೆ 30ರಿಂದ ಶುರುವಾಗುವ ಸಂಖ್ಯೆಯಲ್ಲಿ ಸಿಗುವುದಿಲ್ಲ. ಎರಡು ತಿಂಗಳಾದ ಮೇಲೆ ಅದು ಗೊತ್ತಾಗಿ ಕಂಪನಿ ಜಿಎಸ್‌ಟಿಯ ಭಾಗವನ್ನು ತಡೆಹಿಡಿಯುತ್ತದೆ. ಮಾಲೀಕರು ಅಷ್ಟರಲ್ಲಿ ಕೈಯಿಂದ ಕಟ್ಟಿ ಆಗಿರುತ್ತದೆ. ಹಾಗಾಗಿ ಮೊದಲ ಇನ್‌ವಾಯ್ಸಿಗೆ ಮುಂಚೆಯೇ, 'ನಿಮ್ಮ ಕರ್ನಾಟಕದ ಸಂಖ್ಯೆ ಕೊಡಿ' ಎಂದು ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದು ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಬೇಕು. ಲಾಗಿನ್ ಇಲ್ಲದೆಯೂ ನೋಡಬಹುದು.

ತಡೆಹಿಡಿಯುವುದಕ್ಕೆ ಇನ್ನೊಂದು ಕಾರಣ ಮಾಲೀಕರ ಕಡೆಯಿಂದಲೇ ಬರುತ್ತದೆ. ಸಣ್ಣ ನೋಂದಣಿದಾರರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಆಯ್ಕೆ ತಗೊಂಡಿರುತ್ತಾರೆ. ಆಗ ಅವರ ಇನ್‌ವಾಯ್ಸ್ ಕಂಪನಿಯ ಪೋರ್ಟಲ್‌ನಲ್ಲಿ ಕಾಣುವುದೂ ಮೂರು ತಿಂಗಳಿಗೊಮ್ಮೆ. ಕಾಣದ ಇನ್‌ವಾಯ್ಸಿಗೆ ಕ್ರೆಡಿಟ್ ಇಲ್ಲ. ತ್ರೈಮಾಸಿಕದ ಮೊದಲ ಎರಡು ತಿಂಗಳ ಇನ್‌ವಾಯ್ಸುಗಳನ್ನು ಮುಂದಿನ ತಿಂಗಳ 13ರೊಳಗೆ ಪ್ರತ್ಯೇಕವಾಗಿ ಏರಿಸುವ ಅವಕಾಶ ಪೋರ್ಟಲ್‌ನಲ್ಲಿದೆ, ಅದನ್ನು ಬಳಸಿದರೆ ಈ ತಕರಾರು ಬರುವುದಿಲ್ಲ.

ಟಿಡಿಎಸ್: ಇದು ನಿಮ್ಮದೇ ದುಡ್ಡು

ಅಕ್ಕೋರಿಗೆ ವಾಪಸ್ ಬರೋಣ. ಕಂಪನಿ ಹೇಳಿದ ಎರಡನೇ ಕಡಿತ, 10% ಟಿಡಿಎಸ್, ಕಾನೂನುಬದ್ಧವೇ. ಮೊದಲು ವರ್ಷಕ್ಕೆ 2,40,000 ದಾಟಿದರೆ ಹಿಡಿಯುತ್ತಿದ್ದರು. 2025ರ ಏಪ್ರಿಲ್ 1ರಿಂದ ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ. 48,000 ಬಾಡಿಗೆ ಇರುವವರಿಗೆ ಹಳೇ ಅಭ್ಯಾಸದಲ್ಲಿ ಹಿಡಿಯುತ್ತಿದ್ದರೆ ಪ್ರಶ್ನಿಸಬಹುದು. ಲೆಕ್ಕ ಹಾಕಬೇಕಾದ್ದು ಬಾಡಿಗೆಯ ಮೇಲೆ ಮಾತ್ರ. ಇನ್‌ವಾಯ್ಸಿನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಆ ಭಾಗಕ್ಕೆ ಟಿಡಿಎಸ್ ಇಲ್ಲ ಎಂದು 2017ರ ಜುಲೈನ ಸುತ್ತೋಲೆಯಲ್ಲೇ ಇದೆ. ಮರಳಿಸಬೇಕಾದ ಡಿಪಾಸಿಟ್‌ಗೂ ಟಿಡಿಎಸ್ ಇಲ್ಲ, ಜಿಎಸ್‌ಟಿಯೂ ಇಲ್ಲ. ಮುಂದೆ ಅದನ್ನು ಬಾಡಿಗೆಗೆ ವಜಾ ಹಾಕಿಕೊಂಡರೆ ಆಗ ಎರಡೂ ಬೀಳುತ್ತವೆ.

ಜಿಎಸ್‌ಟಿ ಹಾಗೂ ಟಿಡಿಎಸ್‌ಗೆ ಇರುವ ವ್ಯತ್ಯಾಸ ಇಷ್ಟೇ: ಟಿಡಿಎಸ್ ಅನ್ನುವುದು ಅಕ್ಕೋರ ಆದಾಯ ತೆರಿಗೆಯ ಮುಂಗಡ. ತೆರಿಗೆ ಬರದಿದ್ದರೆ ಪೂರ್ತಿ ವಾಪಸ್ ಸಿಗಬೇಕು. 2025-26ರ ಲೆಕ್ಕ ಹಾಕೋಣ. ವರ್ಷದ ಬಾಡಿಗೆ 7,20,000. ಪುರಸಭೆಗೆ ಕಟ್ಟಿದ ಆಸ್ತಿ ತೆರಿಗೆ ಬದಿಗಿಟ್ಟರೂ 30% ನೇರ ಕಡಿತ ಸಿಗುತ್ತದೆ, ಉಳಿಯುವುದು 5,04,000. ಪಿಂಚಣಿ 3,60,000ದಲ್ಲಿ 75,000 ಕಡಿತ ಹೋಗಿ 2,85,000. ಒಟ್ಟು 7,89,000. ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಆದರೆ ಕಂಪನಿ ವರ್ಷಕ್ಕೆ 72,000 ಹಿಡಿದಿರುತ್ತದೆ. ರಿಟರ್ನ್ ಹಾಕಿದರೆ ಅಷ್ಟೂ ವಾಪಸ್. ಹಾಕದಿದ್ದರೆ ಅಷ್ಟೂ ಹೋಯಿತು.

ಹಿಡಿಯದಂತೆ ಮೊದಲೇ ನೋಡಿಕೊಳ್ಳಲೂ ದಾರಿ ಇತ್ತು. 60 ದಾಟಿದವರು, ಆ ವರ್ಷದ ಅಂದಾಜು ತೆರಿಗೆ ಸೊನ್ನೆ ಇದ್ದರೆ, ಕಂಪನಿಗೆ ಫಾರಂ 15ಎಚ್ ಕೊಡಬಹುದು. ಬ್ಯಾಂಕ್ ಬಡ್ಡಿಗೆ ಕೊಡುವ ಅದೇ ಫಾರಂ. ಬಾಡಿಗೆಗೂ ಅದು ನಡೆಯುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 60ರ ಕೆಳಗಿನವರ ಫಾರಂ 15ಜಿಗೆ ಷರತ್ತು ಬಿಗಿ, ಇಷ್ಟು ದೊಡ್ಡ ಬಾಡಿಗೆಗೆ ಅದು ಸಾಲದು. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ ಆಗುವುದರಿಂದ ಕಲಂ ಸಂಖ್ಯೆಗಳು ಬದಲಾಗುತ್ತವೆ. ಬಾಡಿಗೆಯ ಹಳೇ 194-ಐ ಹೊಸ ಕಾಯ್ದೆಯ 393ನೇ ಕಲಮಿನೊಳಗೆ ಸೇರಿದೆ. ಆ ದಿನದ ನಂತರದ ಬಾಡಿಗೆಗೆ ಫಾರಂ ಯಾವುದು ಎಂದು ಕೇಳಿಕೊಂಡೇ ತುಂಬಬೇಕು.)

ಹಿಡಿದ ದುಡ್ಡನ್ನು ಕಂಪನಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 30ರೊಳಗೆ. ಕಟ್ಟಿದ್ದಾರೋ ಇಲ್ಲವೋ ತಿಳಿಯುವುದು ಸುಲಭ. ತ್ರೈಮಾಸಿಕ ವಿವರ ಸಲ್ಲಿಕೆಯಾದ ಮೇಲೆ ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್‌ನಲ್ಲಿ ನಿಮ್ಮ ಪ್ಯಾನ್ ಎದುರು ಮೊತ್ತ ಕಾಣುತ್ತದೆ. ಏಪ್ರಿಲ್-ಜೂನ್‌ನದ್ದು ಆಗಸ್ಟ್ ಹೊತ್ತಿಗೆ ಬರಬೇಕು. ಬರದಿದ್ದರೆ ಎರಡರಲ್ಲಿ ಒಂದು: ಕಂಪನಿ ಹಿಡಿದು ಕಟ್ಟಿಲ್ಲ, ಅಥವಾ ಪ್ಯಾನ್ ತಪ್ಪಾಗಿದೆ. ಕಾಮಗಾರಿ ಮುಗಿದು ಕಂಪನಿ ಜಾಗ ಖಾಲಿ ಮಾಡಿದ ಮೇಲೆ ಇದನ್ನು ಸರಿಪಡಿಸಲು ಹೈದರಾಬಾದಿನ ಯಾವುದೋ ಆಫೀಸಿಗೆ ಮೇಲ್ ಬರೆಯುತ್ತ ಕೂರಬೇಕಾಗುತ್ತದೆ. ಡಿಪಾಸಿಟ್ ಮರಳಿಸುವ ಮೊದಲೇ ಫಾರಂ 16ಎ ಎಲ್ಲ ತ್ರೈಮಾಸಿಕದ್ದೂ ಕೈಗೆ ಬಂದಿದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ನಮ್ಮ ಜಿಲ್ಲೆಯಲ್ಲಿ ಪಾಲಾಗದ ಹಿರಿಯರ ಮನೆಗಳು ಬಹಳ. ಅಣ್ಣ ಅಂಕೋಲೆಯಲ್ಲಿ, ತಮ್ಮ ಮುಂಬೈಯಲ್ಲಿ, ತಂಗಿ ದುಬೈನಲ್ಲಿ. ಬಾಡಿಗೆ ಬರುವುದು ಅಣ್ಣನ ಖಾತೆಗೆ, ಟಿಡಿಎಸ್ ಬೀಳುವುದು ಅಣ್ಣನ ಪ್ಯಾನ್‌ಗೆ, ಹಂಚಿಕೊಳ್ಳುವುದು ಮೂವರು. ಆದಾಯ ಪೂರ್ತಿ ಅಣ್ಣನದ್ದೇ ಎಂದು ಇಲಾಖೆಗೆ ಕಾಣುತ್ತದೆ. ಪ್ರತಿಯೊಬ್ಬರ ಪಾಲು ಕಾಗದದಲ್ಲಿ ಖಚಿತವಾಗಿದ್ದರೆ, ಅಗ್ರಿಮೆಂಟಿನಲ್ಲೇ ಪಾಲು ಬರೆಸಿ ಮೂವರೂ ಬೇರೆ ಬೇರೆ ಬಿಲ್ ಕೊಡಬಹುದು. ಆಗ 50,000ದ ಮಿತಿಯನ್ನು ಒಬ್ಬೊಬ್ಬರಿಗೂ ಬೇರೆಯಾಗಿ ನೋಡುತ್ತಾರೆ. 90,000 ಬಾಡಿಗೆ ಮೂವರಿಗೆ 30,000ದಂತೆ ಹೋದರೆ ಊರಿನಲ್ಲಿರುವ ಇಬ್ಬರಿಗೆ ಟಿಡಿಎಸ್ಸೇ ಇಲ್ಲ. ದುಬೈನ ತಂಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದರೆ ಅವಳಿಗೆ ಈ ಮಿತಿ ಅನ್ವಯಿಸುವುದಿಲ್ಲ, 30% ಮತ್ತು ಸೆಸ್ ಸೇರಿ ಹಿಡಿಯುತ್ತಾರೆ.

ಮನೆ, ಗದ್ದೆ

ಕಂಪನಿ ಎಂಜಿನಿಯರುಗಳ ವಾಸಕ್ಕೆ ಮನೆಯನ್ನೇ ಬಾಡಿಗೆಗೆ ತಗೊಂಡರೆ ನಿಯಮ ಸ್ವಲ್ಪ ಬೇರೆ. ಬೆಂಗಳೂರಿನ ಮಾಲೀಕರೊಬ್ಬರು ತಮ್ಮ 42 ಕೋಣೆಗಳ ವಸತಿ ಕಟ್ಟಡವನ್ನು ಹಾಸ್ಟೆಲ್ ನಡೆಸುವ ಕಂಪನಿಗೆ ಕೊಟ್ಟಿದ್ದರು. ಬಾಡಿಗೆದಾರ ಕಂಪನಿಯಾದರೂ ಅಲ್ಲಿ ಇರುವವರು ವಾಸಕ್ಕೇ ಇರುವುದರಿಂದ ವಿನಾಯಿತಿ ಉಂಟು ಎಂದು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿತು, 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಸರ್ಕಾರ ಅಷ್ಟು ದಿನ ಕಾದು ಕೂರಲಿಲ್ಲ. 2022ರ ಜುಲೈ 18ರಿಂದಲೇ ನೋಂದಾಯಿತ ಬಾಡಿಗೆದಾರನಿಗೆ ಕೊಟ್ಟ ವಾಸದ ಮನೆಗೂ ರಿವರ್ಸ್ ಚಾರ್ಜ್ ತಂದಿತು. ಇಲ್ಲಿ ಮಾಲೀಕರಿಗೆ ನೋಂದಣಿ ಇರಲಿ, ಇಲ್ಲದಿರಲಿ, 18% ಕಟ್ಟಬೇಕಾದ್ದು ಕಂಪನಿಯೇ. ಕಾರವಾರದ ನೋಂದಾಯಿತ ಮಾಲೀಕರು ಶೋರೂಮಿಗೆ ಜಿಎಸ್‌ಟಿ ಹಾಕಿ ಇನ್‌ವಾಯ್ಸ್ ಕೊಟ್ಟು, ಅದೇ ಕಂಪನಿಯ ಮ್ಯಾನೇಜರ್ ವಾಸದ ಮನೆಗೆ ಜಿಎಸ್‌ಟಿ ಇಲ್ಲದ ಬೇರೆ ಬಿಲ್ ಕೊಡಬೇಕು, ಸೇವಾ ಸಂಕೇತ 997211. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಕಟ್ಟಬೇಕಿಲ್ಲದ ತೆರಿಗೆಯನ್ನು ಮೈಮೇಲೆ ಎಳೆದುಕೊಂಡಂತೆ.

ಗದ್ದೆಯ ವಿಷಯದಲ್ಲಿ ಮೋಸಹೋಗುವವರು ಇನ್ನೂ ಹೆಚ್ಚು. ಬೇಸಾಯಕ್ಕೆ ಜಮೀನು ಗೇಣಿಗೆ ಕೊಟ್ಟರೆ ಜಿಎಸ್‌ಟಿ ಇಲ್ಲ. ಅದೇ ಗದ್ದೆಗೆ ಮಣ್ಣು ತುಂಬಿಸಿ ಟಿಪ್ಪರ್, ಜಲ್ಲಿ, ಕಬ್ಬಿಣ ಇಡಲು ಕಂಪನಿಗೆ ಕೊಟ್ಟರೆ ಪಹಣಿಯಲ್ಲಿ ಕೃಷಿ ಜಮೀನು ಎಂದಿದ್ದರೂ ಅದು ಸಾದಾ ಬಾಡಿಗೆ. ನೋಂದಣಿ ಇಲ್ಲದ ರೈತನಾದರೆ ಕಂಪನಿಯೇ ರಿವರ್ಸ್ ಚಾರ್ಜ್ ಕಟ್ಟಬೇಕು, 50,000 ದಾಟಿದರೆ 10% ಟಿಡಿಎಸ್ ಹಿಡಿಯಬೇಕು. ರೈತ ಇದನ್ನು ಕೃಷಿ ಆದಾಯ ಎಂದು ತೋರಿಸುವ ಹಾಗಿಲ್ಲ. ಅಕ್ಕೋರಿಗೆ ಕಟ್ಟಡದ ಮೇಲೆ ಸಿಕ್ಕ 30% ಕಡಿತವೂ ಬರೀ ಜಾಗಕ್ಕೆ ಸಿಗುವುದಿಲ್ಲ. ಗದ್ದೆಯಿಂದ ತಿಂಗಳಿಗೆ 60,000 ಬಂದರೆ ಲೆಕ್ಕಕ್ಕೆ ಹಿಡಿಯುವುದು 5,04,000 ಅಲ್ಲ, ಆ ಬಾಡಿಗೆ ಗಳಿಸಲು ಮಾಡಿದ ಖರ್ಚಿಗೆ ದಾಖಲೆ ಇದ್ದರೆ ಅದಷ್ಟನ್ನೇ ಕಳೆದು, ಉಳಿದ 7,20,000 ಪೂರ್ತಿ.